ಒಂದು ವೇಗದಲ್ಲಿ ನೇರ, ಇನ್ನೊಂದರಲ್ಲಿ ವಾರೆ: ದಾರಿ ಬಿಡುವ ರೋಬೊ ಸರಿಪಡಿಸುವ ಕ್ರಮ

ಎರಡು ಚಕ್ರದ ರೋಬೊ ಕಟ್ಟಿದವರು ಮತ್ತೆ ಮತ್ತೆ ಎಡವುವ ಜಾಗ ಒಂದೇ. ರೋಬೊ ಎಡಕ್ಕೆ ವಾಲಿತೆಂದು ಎಡ ಮೋಟರಿಗೆ ಸ್ವಲ್ಪ ಹೆಚ್ಚು ಪವರ್ ಕೊಡುತ್ತಾರೆ, ನೇರವಾಗುತ್ತದೆ. ಮರುದಿನ ವೇಗ ಬದಲಿಸಿದರೆ ಬಲಕ್ಕೆ ಹೋಗುತ್ತದೆ. ಆಗ ಪಿಐಡಿ ಅಂಕಿಗಳನ್ನು ತಿರುವಲು ಕೂರುತ್ತಾರೆ, ವಾರ ಕಳೆದರೂ ಮುಗಿಯುವುದಿಲ್ಲ. ಕಾರಣ ಇಷ್ಟೇ: ಒಳಗೆ ಎರಡು ಬೇರೆ ಬೇರೆ ತಪ್ಪುಗಳಿವೆ, ಒಂದು ಇನ್ನೊಂದನ್ನು ಮುಚ್ಚುತ್ತಿದೆ.

ಈ ಬರಹದುದ್ದಕ್ಕೂ ಒಂದೇ ರೋಬೊವನ್ನು ಇಟ್ಟುಕೊಂಡು ಹೋಗೋಣ. ಕಾಫಿ ಕಣದಲ್ಲಿ ಹರಡಿದ ಬೀಜವನ್ನು ತಿರುವಿಹಾಕುವ ಯಂತ್ರದ ಪುಟ್ಟ ಮಾದರಿ ಅದು. ಹೆಸರಿಗೆ 65 ಮಿ.ಮೀ. ವ್ಯಾಸದ ರಬ್ಬರ್ ಚಕ್ರಗಳು, ಎರಡು ಚಕ್ರಗಳ ನಡುವೆ 150 ಮಿ.ಮೀ. ಅಂತರ, ಹಿಂದೆ ಒಂದು ಗುಂಡು ಕ್ಯಾಸ್ಟರ್. ಮೋಟರಿನ ಬೆನ್ನಿಗೆ ಒಂದು ಸುತ್ತಿಗೆ 11 ಪಲ್ಸ್ ಕೊಡುವ ಹಾಲ್ ಎನ್‌ಕೋಡರ್, 1:34 ಗೇರು, ಆರ್ಡುಯಿನೊ ಉನೊ, ಎಂಪಿಯು-6050 ಗೈರೊ. ದಿಕ್ಕನ್ನು ಅದು ಎನ್‌ಕೋಡರ್ ಮತ್ತು ಗೈರೊ ಎರಡರಿಂದಲೂ ಅರ್ಧರ್ಧ ತೆಗೆದುಕೊಂಡು, ಸರಾಸರಿ ಸೊನ್ನೆಯಾಗುವಂತೆ ಮೋಟರುಗಳನ್ನು ತಿದ್ದುತ್ತದೆ. ಅದರ ರೋಗ ಹೀಗಿದೆ: ಸೆಕೆಂಡಿಗೆ 0.3 ಮೀಟರ್ ವೇಗದಲ್ಲಿ 3 ಮೀಟರ್ ಓಡಿಸಿದರೆ ಹೆಚ್ಚುಕಡಿಮೆ ಗೆರೆ ಎಳೆದಂತೆ ನೇರ. ವೇಗವನ್ನು 0.15ಕ್ಕೆ ಇಳಿಸಿದರೆ ಕೊನೆಯಲ್ಲಿ 9 ಸೆಂ.ಮೀ. ಬಲಕ್ಕೆ. 0.6ಕ್ಕೆ ಏರಿಸಿದರೆ ಸುಮಾರು 5 ಸೆಂ.ಮೀ. ಎಡಕ್ಕೆ.

## ಬೇಕಾದ ಸಾಮಾನು

5 ಮೀಟರ್ ಅಳತೆ ಟೇಪು, ಗಾರೆ ಕೆಲಸದವರ ಅಲ್ಯೂಮಿನಿಯಂ ಮಟ್ಟಗೋಲು ಒಂದೆರಡು, ರಸಮಟ್ಟ, ದಾರ, ಸೀಮೆಸುಣ್ಣ, ಬಣ್ಣದ ಇನ್ಸುಲೇಷನ್ ಟೇಪು. ರೋಬೊವನ್ನು ನೆಲದಿಂದ ಎತ್ತಿಡಲು ಒಂದು ಡಬ್ಬ ಅಥವಾ ಇಟ್ಟಿಗೆ. ನಿಧಾನಗತಿ ವಿಡಿಯೊ ತೆಗೆಯುವ ಫೋನು ಇದ್ದರೆ ಒಳ್ಳೆಯದು. ವರ್ನಿಯರ್ ಕ್ಯಾಲಿಪರ್ ಇಲ್ಲದಿದ್ದರೂ ನಡೆಯುತ್ತದೆ. ಏಕೆಂದು ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ.

ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಮತ್ತು ಅದು ಯಾವಾಗಲೂ ಕೂರುವ ಜಾಗದಲ್ಲೇ ಕೂರಲಿ. ಭಾರ ಒಂದು ಬದಿಗೆ ಸರಿದರೆ ಆ ಬದಿಯ ರಬ್ಬರ್ ಹೆಚ್ಚು ಒತ್ತಿಕೊಳ್ಳುತ್ತದೆ, ಅಳತೆಯೇ ಬದಲಾಗುತ್ತದೆ.

## ಹಂತ 1: ಮೊದಲು ನೆಲ, ಆಮೇಲೆ ರೋಬೊ

ಕೊಡಗಿನಲ್ಲಿ ಉದ್ದಕ್ಕೆ ಸಮತಟ್ಟಾದ ಜಾಗ ಬೇಕೆಂದರೆ ಎಲ್ಲರೂ ಹೋಗುವುದು ಕಣಕ್ಕೇ. ಆದರೆ ಕಣ ಕಣ್ಣಿಗೆ ಮಾತ್ರ ಸಮತಟ್ಟು. ಮಳೆನೀರು ನಿಲ್ಲದಿರಲೆಂದು ಅದನ್ನು ಒಂದು ಬದಿಗೆ ಇಳಿಜಾರಾಗಿಯೇ ಕಟ್ಟಿರುತ್ತಾರೆ. ಇಳಿಜಾರಿಗೆ ಅಡ್ಡವಾಗಿ ಓಡುವ ರೋಬೊದ ಭಾರ ಕೆಳಬದಿಯ ಚಕ್ರದ ಮೇಲೆ ಬೀಳುತ್ತದೆ, ಕ್ಯಾಸ್ಟರ್ ಕೆಳಕ್ಕೆ ಎಳೆಯುತ್ತದೆ.

ಪರೀಕ್ಷೆ ಸುಲಭ. ದಾರ ಹಿಡಿದು 3 ಮೀಟರ್ ಗೆರೆ ಹಾಕಿ. ರೋಬೊವನ್ನು ಆ ತುದಿಯಿಂದ ಈ ತುದಿಗೆ ಓಡಿಸಿ. ನಂತರ ಅದನ್ನೇ ತಿರುಗಿಸಿ ಈ ತುದಿಯಿಂದ ಆ ತುದಿಗೆ ಓಡಿಸಿ. ಎರಡು ಸಲವೂ ಅದು ತನ್ನದೇ ಎಡಕ್ಕೆ ವಾಲಿದರೆ ತಪ್ಪು ರೋಬೊದ್ದು. ಒಮ್ಮೆ ತನ್ನ ಎಡಕ್ಕೆ, ಇನ್ನೊಮ್ಮೆ ತನ್ನ ಬಲಕ್ಕೆ, ಅಂದರೆ ಎರಡು ಸಲವೂ ಕಣದ ಒಂದೇ ಬದಿಗೆ ಹೋದರೆ ತಪ್ಪು ನೆಲದ್ದು. ಎರಡೂ ಬೆರೆತಿದ್ದರೆ ಎರಡು ಓಟಗಳ ಸರಾಸರಿ ರೋಬೊದ ಪಾಲು.

ಸಾಧ್ಯವಾದರೆ ಮುಂದಿನ ಹಂತಗಳನ್ನು ಮನೆಯೊಳಗೆ ಅಥವಾ ಶಾಲೆಯ ಉದ್ದ ಪಡಸಾಲೆಯಲ್ಲಿ ಮಾಡಿ, ರಸಮಟ್ಟ ಇಟ್ಟು ನೋಡಿಕೊಳ್ಳಿ. ನುಣುಪು ಮಾಡಿದ ಕೆಂಪು ಗಾರೆ ನೆಲ ಮಳೆಗಾಲದಲ್ಲಿ ಬೆವರಿದ್ದರೆ ಚಕ್ರ ಜಾರುತ್ತದೆ, ಒರೆಸಿ ಒಣಗಿಸಿಕೊಳ್ಳಿ. ಓಡಿಸುವ ಮುನ್ನ ಟೈರುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಪಾರ್ಚ್‌ಮೆಂಟ್ ಸಿಪ್ಪೆಯ ಚೂರು, ಕೆಂಪುಮಣ್ಣು ಟೈರಿಗೆ ಅಂಟಿದರೆ ಅಷ್ಟರಮಟ್ಟಿಗೆ ಅದು ಬೇರೆಯೇ ಅಳತೆಯ ಚಕ್ರ. ಕ್ಯಾಸ್ಟರ್ ಗುಂಡನ್ನೂ ಬಿಚ್ಚಿ ನೋಡಿ, ಕೂದಲು ಮತ್ತು ನಾರು ಅಲ್ಲಿ ಸುತ್ತಿಕೊಳ್ಳುವುದು ತೀರ ಸಾಮಾನ್ಯ.

## ಹಂತ 2: ಎರಡು ತಪ್ಪುಗಳನ್ನು ಬೇರ್ಪಡಿಸಿ

ಇದೇ ಇಡೀ ಕೆಲಸದ ಕೀಲಿ. ಚಕ್ರದ ತಪ್ಪು ದೂರದೊಂದಿಗೆ ಬೆಳೆಯುತ್ತದೆ, ಗೈರೊದ ತಪ್ಪು ಸಮಯದೊಂದಿಗೆ ಬೆಳೆಯುತ್ತದೆ. ಬಲ ಚಕ್ರ ಎಡದಕ್ಕಿಂತ ತುಸು ದೊಡ್ಡದಾಗಿದ್ದರೆ, 3 ಮೀಟರನ್ನು ಮೆಲ್ಲಗೆ ಹೋದರೂ ಜೋರಾಗಿ ಹೋದರೂ ಒಂದೇ ಅಳತೆಯಲ್ಲಿ ಎಡಕ್ಕೆ ಬಾಗುತ್ತದೆ. ಗೈರೊ ಮಾತ್ರ ರೋಬೊ ನಿಂತಿದ್ದಾಗಲೂ ತಿರುಗುತ್ತಿದ್ದೇನೆ ಎಂದು ಹೇಳುತ್ತಿರುತ್ತದೆ. ನಿಂತಲ್ಲೇ ತೋರುವ ಈ ಸುಳ್ಳು ತಿರುಗುವಿಕೆಗೆ ಬಯಾಸ್ ಎನ್ನುತ್ತಾರೆ. ಓಟ ಎಷ್ಟು ಹೊತ್ತು ನಡೆಯಿತೋ ಅಷ್ಟು ಡಿಗ್ರಿ ತಪ್ಪು ಕೂಡುತ್ತಾ ಹೋಗುತ್ತದೆ.

ಆದ್ದರಿಂದ ಪ್ರೋಗ್ರಾಮಿನಲ್ಲಿ ಎರಡು ಬೇರೆ ಮೋಡ್ ಮಾಡಿಕೊಳ್ಳಿ. ಒಂದರಲ್ಲಿ ಗೈರೊ ಪೂರ್ತಿ ಬಂದ್, ಎರಡು ಎನ್‌ಕೋಡರುಗಳ ಎಣಿಕೆ ಸಮವಾಗಿರುವಂತೆ ಮಾತ್ರ ಓಡಬೇಕು. ಇನ್ನೊಂದರಲ್ಲಿ ದಿಕ್ಕಿಗೆ ಗೈರೊ ಮಾತ್ರ. ಪ್ರತಿ ಮೋಡ್‌ನಲ್ಲಿ ಮೂರು ವೇಗಕ್ಕೂ ಮೂರು ಮೂರು ಸಲ ಓಡಿಸಿ, ಕೊನೆಯಲ್ಲಿ ಗೆರೆಯಿಂದ ಎಷ್ಟು ದೂರ ಸರಿದಿದೆ ಎಂದು ಅಳೆದು ಬರೆದಿಡಿ. ಹೊರಡುವಾಗ ಎರಡು ಚಕ್ರಗಳೂ ಗೆರೆಗೆ ನೇರವಾಗಿವೆಯೇ ಎಂದು ಮಟ್ಟಗೋಲು ತಾಗಿಸಿ ನೋಡಿ. ಹೊರಡುವಾಗ 1 ಡಿಗ್ರಿ ವಾರೆಯಿದ್ದರೆ ಅದೊಂದೇ 3 ಮೀಟರಿಗೆ 5 ಸೆಂ.ಮೀ. ತಪ್ಪು ತೋರಿಸುತ್ತದೆ.

ನಮ್ಮ ರೋಬೊ ಎನ್‌ಕೋಡರ್ ಮೋಡ್‌ನಲ್ಲಿ ಮೂರು ವೇಗದಲ್ಲೂ 18ರಿಂದ 19 ಸೆಂ.ಮೀ. ಎಡಕ್ಕೆ ಹೋಯಿತು. ಗೈರೊ ಮೋಡ್‌ನಲ್ಲಿ 0.6 ವೇಗಕ್ಕೆ ಸುಮಾರು 9, 0.3ಕ್ಕೆ 18, 0.15ಕ್ಕೆ 36 ಸೆಂ.ಮೀ. ಬಲಕ್ಕೆ. ಸಮಯ ದುಪ್ಪಟ್ಟಾದಾಗ ತಪ್ಪೂ ದುಪ್ಪಟ್ಟು. ಅರ್ಧರ್ಧ ಬೆರೆಸಿದಾಗ 0.3 ವೇಗದಲ್ಲಿ ಎಡದ 18 ಮತ್ತು ಬಲದ 18 ಒಂದನ್ನೊಂದು ತಿಂದುಹಾಕುತ್ತಿದ್ದವು. ರೋಬೊ ನೇರವಾಗಿ ಹೋಗುತ್ತಿದ್ದುದು ಸರಿಯಿದ್ದುದರಿಂದಲ್ಲ, ಎರಡು ತಪ್ಪುಗಳು ಆ ಒಂದು ವೇಗದಲ್ಲಿ ಸಮತೂಕವಾಗಿದ್ದುದರಿಂದ. 0.15ರಲ್ಲಿ 36 ಕಳೆ 18, ಅದರ ಅರ್ಧ 9, ಬಲಕ್ಕೆ. ಮೊದಲು ಕಂಡ ರೋಗಕ್ಕೆ ಲೆಕ್ಕ ಸರಿಹೊಂದಿತು.

ನಿಮ್ಮ ರೋಬೊದಲ್ಲಿ ಎನ್‌ಕೋಡರ್ ಮೋಡ್‌ನ ತಪ್ಪು ವೇಗದೊಂದಿಗೆ ಬದಲಾದರೆ ಅದು ವ್ಯಾಸದ ತಪ್ಪಲ್ಲ. ಎಣಿಕೆ ಕಳೆದುಹೋಗುತ್ತಿದೆ ಅಥವಾ ಚಕ್ರ ಜಾರುತ್ತಿದೆ. ಅದಕ್ಕೇ ಮುಂದಿನ ಹಂತ ಎನ್‌ಕೋಡರಿನದು. ಎಣಿಕೆ ನಂಬಲು ಬರದಿದ್ದರೆ ಅದರಿಂದ ಅಳೆದ ಚಕ್ರವನ್ನೂ ನಂಬುವಂತಿಲ್ಲ.

## ಹಂತ 3: ಎನ್‌ಕೋಡರ್ ಎಣಿಕೆ

ಕೈಯಿಂದ ಹತ್ತು ಸುತ್ತು. ಉನೊದಲ್ಲಿ ಹೊರಗಿನ ಇಂಟರಪ್ಟಿಗೆ ಎರಡೇ ಪಿನ್ನುಗಳಿವೆ, 2 ಮತ್ತು 3. ಎರಡು ಚಕ್ರಗಳ ಎ-ಚಾನೆಲ್ಲುಗಳು ಅಲ್ಲಿಗೇ ಮುಗಿಯುತ್ತವೆ. ಪಲ್ಸ್ ಏರುವಾಗ ಒಂದು, ಇಳಿಯುವಾಗ ಒಂದು ಎಣಿಸಿದರೆ ಚಕ್ರದ ಒಂದು ಸುತ್ತಿಗೆ 11 × 2 × 34 = 748. ಚಕ್ರಕ್ಕೆ ಟೇಪಿನ ಚೂರು ಅಂಟಿಸಿ, ಚಾಸಿಗೆ ಎದುರಾಗಿ ಇನ್ನೊಂದು ಗುರುತು ಹಾಕಿ, ಹತ್ತು ಸುತ್ತು ತಿರುಗಿಸಿ. 7480ರ ಆಸುಪಾಸು ಬರಬೇಕು. ಇಲ್ಲಿ ಎಡಕ್ಕೆ 7478, ಬಲಕ್ಕೆ 7483 ಬಂತು. ಒಂದು ಡಿಗ್ರಿಗೆ ಎರಡು ಎಣಿಕೆ ಬರುವುದರಿಂದ ಗುರುತು ಹೊಂದಿಸುವಾಗ ಆಗುವ ಕೈತಪ್ಪೇ ಇಷ್ಟಿರುತ್ತದೆ, ಚಿಂತೆಯಿಲ್ಲ.

ಗುರುತಿಗೆ ಯಾವಾಗಲೂ ಒಂದೇ ದಿಕ್ಕಿನಿಂದ ಬನ್ನಿ. ಎನ್‌ಕೋಡರ್ ಕೂತಿರುವುದು ಮೋಟರಿನ ಬೆನ್ನಿಗೆ, ನೀವು ತಿರುಗಿಸುವುದು ಗೇರಿನ ಈಚೆ ಬದಿಯ ಚಕ್ರ. ನಡುವಿನ ಹಲ್ಲುಗಳ ಸಡಿಲಿನಿಂದ ಚಕ್ರ ಕೆಲವು ಡಿಗ್ರಿ ಅಲುಗಿದರೂ ಎಣಿಕೆ ಬದಲಾಗುವುದಿಲ್ಲ. ಎರಡು ಚಕ್ರಗಳ ನಡುವೆ ಪ್ರತಿಸಲವೂ 20ಕ್ಕಿಂತ ಹೆಚ್ಚು ವ್ಯತ್ಯಾಸ, ಅದೂ ಒಂದೇ ಬದಿಗೆ ಬಂದರೆ, ಗೇರಿನ ಅನುಪಾತ ಬೇರೆಯಿರುವ ಸಂಶಯ ಪಡಬೇಕು. ನೋಡಲು ಒಂದೇ ಥರ ಇರುವ ಮೋಟರುಗಳು ಬೇರೆ ಬೇರೆ ಸಲ ಕೊಂಡಾಗ ಹೀಗಾಗುತ್ತದೆ. ಚೀಟಿಯ ಮೇಲಿನ ಅಂಕಿ ಪೂರ್ಣಾಂಕಕ್ಕೆ ಇಳಿಸಿದ್ದಿರಬಹುದು, ಆದ್ದರಿಂದ ಬಳಸಬೇಕಾದ್ದು ನೀವು ಎಣಿಸಿದ ಅಂಕಿಯನ್ನೇ.

ಮೋಟರಿನಿಂದ ನಲವತ್ತು ಸುತ್ತು. ಕೈಯಲ್ಲಿ ಸರಿಯಾಗಿ ಎಣಿಸಿದ ಎನ್‌ಕೋಡರ್ ವೇಗದಲ್ಲಿ ತಪ್ಪಬಹುದು. ರೋಬೊವನ್ನು ಡಬ್ಬದ ಮೇಲಿಟ್ಟು, ಚಕ್ರಗಳು ಗಾಳಿಯಲ್ಲಿರುವಾಗ, ಪೂರ್ತಿ ವೇಗದಲ್ಲಿ 29,920 ಎಣಿಕೆಯ ತನಕ ಓಡಿಸಿ ನಿಲ್ಲಿಸಿ. ನಿಂತ ಮೇಲಿನ ಎಣಿಕೆ ಓದಿ. ಅದು 30,107 ಆಗಿದ್ದರೆ 748ರಿಂದ ಭಾಗಿಸಿದಾಗ 40.25 ಸುತ್ತು, ಅಂದರೆ ಟೇಪಿನ ಗುರುತು ಹೊರಟಲ್ಲಿಂದ ಕಾಲು ಸುತ್ತು ಮುಂದಿರಬೇಕು. ಅಲ್ಲಿಲ್ಲದಿದ್ದರೆ ಎಣಿಕೆ ಕಳೆದಿದೆ. ಪೂರ್ತಿ ಒಂದು ಸುತ್ತೇ ಕಳೆದಿದ್ದರೆ ಗುರುತು ಮೋಸ ಮಾಡೀತು, ಅದಕ್ಕಾಗಿ ಫೋನಿನಲ್ಲಿ ನಿಧಾನಗತಿ ವಿಡಿಯೊ ತೆಗೆದು ಸುತ್ತು ಎಣಿಸಿ.

ಎಣಿಕೆ ಕಡಿಮೆ ಬೀಳುವುದಕ್ಕೆ ಹೆಚ್ಚಿನ ಸಲ ಕಾರಣ ಪ್ರೋಗ್ರಾಮೇ. ಬಣ್ಣದ ನಿಯೊಪಿಕ್ಸೆಲ್ ದೀಪಗಳ ಲೈಬ್ರರಿ ದೀಪಗಳಿಗೆ ಮಾಹಿತಿ ಕಳಿಸುವಷ್ಟು ಹೊತ್ತು ಇಂಟರಪ್ಟುಗಳನ್ನು ಮುಚ್ಚಿಬಿಡುತ್ತದೆ, ಒಂದು ದೀಪಕ್ಕೆ ಸುಮಾರು 30 ಮೈಕ್ರೊಸೆಕೆಂಡ್. 16 ದೀಪಗಳ ಸರಕ್ಕೆ ಅರ್ಧ ಮಿಲಿಸೆಕೆಂಡ್ ಹತ್ತಿರ ಹೋಗುತ್ತದೆ. ಅಷ್ಟರಲ್ಲಿ ಒಂದೇ ಚಾನೆಲ್ಲಿನಲ್ಲಿ ಎರಡು ಅಂಚು ಬಂದರೆ ಒಂದು ಮಾಯ. ಇನ್ನೊಂದು ತಪ್ಪು, ಎಣಿಕೆಯನ್ನು `int` ನಲ್ಲಿ ಇಡುವುದು. ಉನೊದಲ್ಲಿ ಅದು 32,767ಕ್ಕೆ ತುಂಬಿ ಋಣ ಸಂಖ್ಯೆಗೆ ಹಾರುತ್ತದೆ. ನಮ್ಮ ರೋಬೊದ ಲೆಕ್ಕದಲ್ಲಿ ಅದು ಸುಮಾರು 9 ಮೀಟರ್. 9 ಮೀಟರ್ ತನಕ ಸರಿಯಾಗಿದ್ದು ಹಠಾತ್ತನೆ ಗಿರಕಿ ಹೊಡೆದರೆ ಬೇರೇನನ್ನೂ ಹುಡುಕಬೇಡಿ. `volatile long` ಮಾಡಿ, ಓದುವಾಗ ಹೀಗೆ ಓದಿ:

```cpp
noInterrupts();
long l = countL;
long r = countR;
interrupts();
```

ಈ ಬೇಲಿ ಇಲ್ಲದಿದ್ದರೆ ನಾಲ್ಕು ಬೈಟುಗಳನ್ನು ಓದುವ ನಡುವೆ ಎಣಿಕೆ ಬದಲಾಗಿ, ಅರ್ಧ ಹಳೆಯದು ಅರ್ಧ ಹೊಸದು ಸೇರಿದ ಅಂಕಿ ಕೈಗೆ ಬರುತ್ತದೆ. ಓಟದ ನಡುವೆ ಅಪರೂಪಕ್ಕೊಮ್ಮೆ ರೋಬೊ ಬೆಚ್ಚಿದಂತೆ ಜರ್ಕ್ ಹೊಡೆಯುವುದು ಇದರ ಲಕ್ಷಣ.

ಎಣಿಕೆ ಹೆಚ್ಚಾಗುತ್ತಿದ್ದರೆ ತಂತಿಗಳತ್ತ ನೋಡಿ. ಬಲ ಚಕ್ರವನ್ನು ಕೈಯಲ್ಲಿ ಹಿಡಿದು ಎಡ ಮೋಟರನ್ನು ಮಾತ್ರ ಜೋರಾಗಿ ಓಡಿಸಿ. ಬಲದ ಎಣಿಕೆ ಅಲುಗಬಾರದು. ಅಲುಗಿದರೆ ಮೋಟರಿನ ಗದ್ದಲ ಎನ್‌ಕೋಡರ್ ತಂತಿಗೆ ಸೇರುತ್ತಿದೆ. ಎರಡು ತಂತಿಗಳ ಕಟ್ಟುಗಳನ್ನು ಬೇರೆ ಮಾಡಿ, ಮೋಟರಿನ ಎರಡು ಕಾಲುಗಳ ನಡುವೆ 104 ಎಂದು ಬರೆದಿರುವ 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿ. ಸಿಗ್ನಲ್ ತಂತಿಗೆ 10 ಕಿಲೊ ಓಮ್ ಪುಲ್‌ಅಪ್ ಇದೆಯೇ ನೋಡಿ. ಮಳೆಗಾಲ ದಾಟಿದ ರೋಬೊ ಆಗಿದ್ದರೆ ಜಂಪರ್ ಪಿನ್ನುಗಳನ್ನು ಎಳೆದು ನೋಡಿ; ಹಸಿರು ಕಿಲುಬು ಕಂಡರೆ ತಂತಿಯನ್ನೇ ಬದಲಿಸಿ, ಉಜ್ಜಿ ಉಳಿಸಿಕೊಳ್ಳುವ ಆಸೆ ಬೇಡ.

## ಹಂತ 4: ಚಕ್ರದ ನಿಜವಾದ ವ್ಯಾಸ

ಕ್ಯಾಲಿಪರಿನಲ್ಲಿ ಹಿಡಿದು 65.0 ಎಂದು ಓದಿದರೆ ಅದು ಗಾಳಿಯಲ್ಲಿರುವ ಚಕ್ರದ ಅಳತೆ. ನೆಲದ ಮೇಲೆ ಭಾರ ಬಿದ್ದಾಗ ರಬ್ಬರ್ ಕುಗ್ಗುತ್ತದೆ, ಉರುಳುವ ವ್ಯಾಸ ಕಡಿಮೆಯಾಗುತ್ತದೆ, ಎರಡು ಬದಿಗೂ ಒಂದೇ ಅಳತೆಯಲ್ಲಿ ಆಗುವುದಿಲ್ಲ. ನಮಗೆ ಬೇಕಿರುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕ. ಮೆತ್ತಗಿನ ರಬ್ಬರನ್ನು ಕ್ಯಾಲಿಪರಿನ ದವಡೆಯೇ ಅಷ್ಟು ಅದುಮಿಬಿಡುತ್ತದೆ. ಹಾಗಾಗಿ ಉರುಳಿಸಿಯೇ ಅಳೆಯಬೇಕು.

ಮಟ್ಟಗೋಲುಗಳನ್ನು ಸಾಲಾಗಿಟ್ಟು 3 ಮೀಟರ್ ನೇರ ಅಂಚು ಮಾಡಿ. ರೋಬೊದ ಪಕ್ಕವನ್ನು ಅದಕ್ಕೆ ತಾಗಿಸಿ, ಎಣಿಕೆ ಸೊನ್ನೆ ಮಾಡಿ, ಮೋಟರ್ ಬಂದ್ ಇಟ್ಟು, ಹಿಂದಿನಿಂದ ಚಕ್ರದ ಅಚ್ಚಿನ ಎತ್ತರದಲ್ಲಿ ಮೆಲ್ಲಗೆ ತಳ್ಳಿ. ಮೇಲಿನಿಂದ ಅದುಮಬೇಡಿ, ಅದುಮಿದರೆ ಟೈರು ಇನ್ನಷ್ಟು ಕುಗ್ಗುತ್ತದೆ. 3000 ಮಿ.ಮೀ. ಗುರುತಿಗೆ ಬಂದಾಗ ಎರಡೂ ಎಣಿಕೆ ಬರೆದುಕೊಳ್ಳಿ. ಐದು ಸಲ ಮಾಡಿ ಸರಾಸರಿ ತೆಗೆಯಿರಿ.

ನಮ್ಮ ರೋಬೊದ ಸರಾಸರಿ ಎಡಕ್ಕೆ 11,057, ಬಲಕ್ಕೆ 10,989. ಅದೇ ದೂರಕ್ಕೆ ಎಡ ಚಕ್ರ ಹೆಚ್ಚು ಸುತ್ತಿದೆ, ಅಂದರೆ ಎಡ ಚಕ್ರ ಚಿಕ್ಕದು. ಲೆಕ್ಕ ಹಾಕಿದರೆ ಎಡಕ್ಕೆ 64.6 ಮಿ.ಮೀ., ಬಲಕ್ಕೆ 65.0 ಮಿ.ಮೀ. ವ್ಯತ್ಯಾಸ 0.4 ಮಿ.ಮೀ., ನೂರಕ್ಕೆ 0.62 ಮಾತ್ರ. ಇಷ್ಟು ಸಣ್ಣದು 18 ಸೆಂ.ಮೀ. ಆಗಿದ್ದು ಹೇಗೆಂದು ಈ ಸೂತ್ರ ಹೇಳುತ್ತದೆ:

```
y = L * L * e / (2 * b)
```

ಇಲ್ಲಿ L ಓಡಿದ ದೂರ, e ವ್ಯಾಸಗಳ ವ್ಯತ್ಯಾಸದ ಭಾಗ, b ಚಕ್ರಗಳ ನಡುವಿನ ಅಂತರ. 3000 × 3000 × 0.0062 ಅನ್ನು 300ರಿಂದ ಭಾಗಿಸಿದರೆ 186 ಮಿ.ಮೀ. ಎರಡನೇ ಹಂತದಲ್ಲಿ ನೆಲದ ಮೇಲೆ ಅಳೆದದ್ದು 18ರಿಂದ 19 ಸೆಂ.ಮೀ. ಎರಡು ಬೇರೆ ದಾರಿಯಿಂದ ಬಂದ ಉತ್ತರ ಒಂದೇ ಆದಾಗ ಮಾತ್ರ ಮುಂದೆ ಹೋಗಿ. ದೂರದ ವರ್ಗ ಇರುವುದನ್ನು ಗಮನಿಸಿ: 6 ಮೀಟರಿಗೆ ಇದು 37 ಅಲ್ಲ, 74 ಸೆಂ.ಮೀ. ಆಗುತ್ತದೆ. ಒಂದು ಮೀಟರ್ ಮೇಜಿನ ಮೇಲೆ 2 ಸೆಂ.ಮೀ. ಮಾತ್ರ ಕಾಣುವುದರಿಂದಲೇ ಮೇಜಿನ ಮೇಲೆ ಸರಿ ಅನ್ನಿಸಿದ ರೋಬೊ ಕಣಕ್ಕಿಳಿದಾಗ ದಾರಿ ಬಿಡುತ್ತದೆ.

ಐದು ಸಲದ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಕೊನೆಯ ಗುರುತಿನಲ್ಲಿ 1 ಮಿ.ಮೀ. ಹಿಂದೆಮುಂದೆ ನಿಂತರೆ ಎರಡೂ ಎಣಿಕೆ ಒಟ್ಟಿಗೆ ನಾಲ್ಕು ಬದಲಾಗುತ್ತವೆ, ವ್ಯತ್ಯಾಸಕ್ಕೆ ಪೆಟ್ಟಿಲ್ಲ. ಆದರೆ ಕೊನೆಯಲ್ಲಿ ರೋಬೊ 1 ಡಿಗ್ರಿ ವಾರೆಯಾಗಿ ನಿಂತರೆ ಎರಡು ಚಕ್ರಗಳ ನಡುವೆ ಸುಮಾರು 10 ಎಣಿಕೆ ಆಚೀಚೆ ಆಗುತ್ತದೆ, 68ರಲ್ಲಿ ಹತ್ತು ಸಣ್ಣದಲ್ಲ. ನಿಲ್ಲಿಸಿದಾಗ ಪಕ್ಕ ಪೂರ್ತಿ ಅಂಚಿಗೆ ತಾಗಿದೆಯೇ ನೋಡಿ, ಆಮೇಲೆ ಓದಿ. ತಳ್ಳುವಾಗ ಟೈರು ಕಿರುಗುಟ್ಟಿದರೆ ಅಥವಾ ಐದರಲ್ಲಿ ಒಂದು ಮಾತ್ರ ತುಂಬ ಕಡಿಮೆ ಬಂದರೆ ಚಕ್ರ ಎಳೆದುಕೊಂಡು ಹೋಗಿದೆ, ಅದನ್ನು ಬಿಡಿ. 1:100ರಂತಹ ದೊಡ್ಡ ಗೇರಿದ್ದರೆ ತಳ್ಳಿದಾಗ ಚಕ್ರ ತಿರುಗುವುದೇ ಇಲ್ಲ. ಅಂಥ ರೋಬೊಗಳಿಗೆ ಎನ್‌ಕೋಡರ್ ಮೋಡ್‌ನಲ್ಲಿ ಓಡಿಸಿ y ಅಳೆದು, ಇದೇ ಸೂತ್ರವನ್ನು ತಿರುಗಿಸಿ e ತೆಗೆಯಿರಿ.

ಈಗ ಎಣಿಕೆಗಳನ್ನು ಸಮ ಮಾಡುವುದನ್ನು ಬಿಟ್ಟು, ದೂರಗಳನ್ನು ಸಮ ಮಾಡಬೇಕು. 3000ವನ್ನು ಆಯಾ ಎಣಿಕೆಯಿಂದ ಭಾಗಿಸಿದರೆ ಒಂದು ಎಣಿಕೆಗೆ ಎಷ್ಟು ಮಿಲಿಮೀಟರ್ ಎಂದು ಸಿಗುತ್ತದೆ:

```cpp
const float mmL = 0.27132;
const float mmR = 0.27300;
float diff = r * mmR - l * mmL;
```

ದಶಮಾಂಶದ ನಂತರ ಐದು ಅಂಕಿಗಳನ್ನೂ ಉಳಿಸಿ. ಎರಡನ್ನೂ 0.27 ಎಂದು ಮೊಟಕು ಮಾಡಿದರೆ ಇಷ್ಟು ಹೊತ್ತಿನ ಕೆಲಸ ಅಲ್ಲೇ ಹೋಯಿತು. ಚಿಕ್ಕ ಚಕ್ರಕ್ಕೆ ಟೇಪು ಸುತ್ತಿ ದಪ್ಪ ಮಾಡುವವರಿದ್ದಾರೆ; ಟೇಪು ಬಿಸಿಲಿಗೆ ಸರಿಯುತ್ತದೆ, ಹಿಡಿತವೂ ಬದಲಾಗುತ್ತದೆ, ಮಾಡಬೇಡಿ. ಮೋಟರಿನ ಪವರ್ ಹೆಚ್ಚುಕಡಿಮೆ ಮಾಡಿ ಮೊದಲು ಹಾಕಿದ್ದ ತೇಪೆ ಪ್ರೋಗ್ರಾಮಿನಲ್ಲಿ ಇನ್ನೂ ಇದ್ದರೆ ಈಗಲೇ ಅಳಿಸಿ.

## ಹಂತ 5: ಗೈರೊ ಬಯಾಸ್

ಎಂಪಿಯು-6050 ಚಿಪ್ಪಿನ ಡೇಟಾಶೀಟೇ ನಿಂತಲ್ಲಿ ಸೆಕೆಂಡಿಗೆ 20 ಡಿಗ್ರಿ ತನಕ ಆಚೀಚೆ ಇರಬಹುದು ಎನ್ನುತ್ತದೆ. ಆದ್ದರಿಂದ ನಿಮ್ಮದರಲ್ಲಿ ಬಯಾಸ್ ಇದ್ದರೆ ಚಿಪ್ಪು ಕೆಟ್ಟಿದೆ ಎಂದಲ್ಲ. ಅದನ್ನು ಅಳೆದು ಕಳೆಯುವುದು ನಮ್ಮ ಕೆಲಸ. 250 ಡಿಗ್ರಿ ವ್ಯಾಪ್ತಿಯಲ್ಲಿಟ್ಟರೆ 131 ಎಂಬ ಕಚ್ಚಾ ಅಂಕಿ ಸೆಕೆಂಡಿಗೆ 1 ಡಿಗ್ರಿಗೆ ಸಮ. ನಮ್ಮ ರೋಬೊ ಅಲುಗದೆ ಕೂತಿದ್ದಾಗ ಝಡ್ ಅಕ್ಷದ ಸರಾಸರಿ 92, ಅಂದರೆ ಸೆಕೆಂಡಿಗೆ 0.70 ಡಿಗ್ರಿ. 0.3 ಮೀಟರ್ ವೇಗದಲ್ಲಿ 3 ಮೀಟರಿಗೆ 10 ಸೆಕೆಂಡ್, 7 ಡಿಗ್ರಿ ತಪ್ಪು. ಗೈರೊ ಎಡಕ್ಕೆ ತಿರುಗುತ್ತಿದ್ದೇನೆ ಎನ್ನುತ್ತದೆ, ಪ್ರೋಗ್ರಾಮು ಅದನ್ನು ನಂಬಿ ಬಲಕ್ಕೆ ತಿದ್ದುತ್ತದೆ. 18 ಸೆಂ.ಮೀ. ಬಂದದ್ದು ಹೀಗೆ.

```cpp
long sum = 0;
for (int i = 0; i < 2000; i++) {
  sum += readGyroZ();
  delay(2);
}
float bias = sum / 2000.0;
```

`sum` ಅನ್ನು `int` ಮಾಡಿದರೆ 92 × 2000 = 1,84,000 ಅದರಲ್ಲಿ ಹಿಡಿಯುವುದಿಲ್ಲ, ಅರ್ಥವಿಲ್ಲದ ಬಯಾಸ್ ಬರುತ್ತದೆ. ಕಚ್ಚಾ ಅಂಕಿಗಳನ್ನು ಕಣ್ಣಿಂದ ನೋಡಿದರೆ 92ರ ಆಸುಪಾಸಿದ್ದು, ಪ್ರೋಗ್ರಾಮು ಹೇಳುವ ಸರಾಸರಿ ಮಾತ್ರ ಬೇರೆಯಿದ್ದರೆ ಇದೇ ಕಾರಣ.

ಸರಾಸರಿ ತೆಗೆಯುವ ನಾಲ್ಕೈದು ಸೆಕೆಂಡು ರೋಬೊ ಕಲ್ಲಿನಂತೆ ಕೂತಿರಬೇಕು. ಬಟನ್ ಒತ್ತಿದ ಕೂಡಲೇ ಲೆಕ್ಕ ಶುರುವಾದರೆ ಬೆರಳು ತೆಗೆಯುವಾಗಿನ ಅಲುಗಾಟವೂ ಸರಾಸರಿಗೆ ಸೇರುತ್ತದೆ. ಬಟನ್ ನಂತರ 2 ಸೆಕೆಂಡ್ ಕಾಯಿಸಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳನ್ನೂ ನೆನಪಿಟ್ಟುಕೊಂಡು, ಅವುಗಳ ಅಂತರ 131 ಮೀರಿದರೆ ಯಾರೋ ಅಲುಗಿಸಿದ್ದಾರೆಂದು ತಿಳಿದು ಮತ್ತೆ ಮಾಡಿಸಿ. ಹಲಗೆ ನೆಲದ ಮೇಲೆ ಪಕ್ಕದಲ್ಲಿ ನಡೆದಾಡಿದರೂ ಸಾಕು, ಅಂತರ ಏರುತ್ತದೆ.

ಇನ್ನು ತಾಪಮಾನ. ಡಿಸೆಂಬರಿನ ಮಡಿಕೇರಿಯಲ್ಲಿ ಬೆಳಗಿನ ಚಳಿಗೂ ಹನ್ನೊಂದು ಗಂಟೆಯ ಕಣದ ಬಿಸಿಲಿಗೂ ದೊಡ್ಡ ಅಂತರವಿದೆ. ಚಿಪ್ಪು ಬಿಸಿಯಾದಂತೆ ಬಯಾಸ್ ಸರಿಯುತ್ತದೆ. ನಮ್ಮ ರೋಬೊದಲ್ಲಿ ಸ್ವಿಚ್ ಹಾಕಿದಾಗ 92 ಇದ್ದದ್ದು ಹತ್ತು ನಿಮಿಷ ಓಡಿಸಿದ ಮೇಲೆ 74ಕ್ಕೆ ಬಂತು. ಈ 18ರ ವ್ಯತ್ಯಾಸ ಸೆಕೆಂಡಿಗೆ 0.14 ಡಿಗ್ರಿ. 10 ಸೆಕೆಂಡ್ ಓಟಕ್ಕೆ 4 ಸೆಂ.ಮೀ.ಗಿಂತ ಕಡಿಮೆ, ಆದರೆ ಒಂದು ನಿಮಿಷಕ್ಕೆ 8 ಡಿಗ್ರಿ ಮೀರುತ್ತದೆ. ಬೆಳಿಗ್ಗೆ ಅಳೆದ ಬಯಾಸನ್ನು ಪ್ರೋಗ್ರಾಮಿನಲ್ಲಿ ಸ್ಥಿರಾಂಕವಾಗಿ ಬರೆದಿಟ್ಟರೆ ಮಧ್ಯಾಹ್ನ ದಾರಿ ತಪ್ಪುವುದು ಖಂಡಿತ. ಗೈರೊ ಬೋರ್ಡು ಬಿಸಿಯಾಗುವ ಮೋಟರ್ ಡ್ರೈವರಿನ ಹೀಟ್‌ಸಿಂಕ್ ಪಕ್ಕದಲ್ಲಿದ್ದರೆ ಮೊದಲು ಅದನ್ನು ದೂರ ಸರಿಸಿ. ಓಡುವ ಜಾಗಕ್ಕೆ ತಂದು, ಸ್ವಿಚ್ ಹಾಕಿ, ಹತ್ತು ನಿಮಿಷ ನೆರಳಿನಲ್ಲಿ ಬಿಟ್ಟು ಆಮೇಲೆ ಬಯಾಸ್ ಅಳೆಯಿರಿ.

ಸೆಕೆಂಡಿಗೆ 1 ಡಿಗ್ರಿಗಿಂತ ಕಡಿಮೆಯಿದ್ದರೆ ಸೊನ್ನೆ ಎಂದುಕೊಳ್ಳುವ ಉಪಾಯ ಎಷ್ಟೋ ಪ್ರೋಗ್ರಾಮುಗಳಲ್ಲಿದೆ. ನಿಂತಾಗ ಅಂಕಿ ಅಲುಗದಿರುವುದು ನೋಡಲು ಚೆನ್ನ. ಆದರೆ ರೋಬೊ ನಿಜವಾಗಿ ಸೆಕೆಂಡಿಗೆ ಅರ್ಧ ಡಿಗ್ರಿಯಂತೆ ಬಾಗುತ್ತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ನಾವು ಹಿಡಿಯಬೇಕಿರುವುದು ಅದೇ ನಿಧಾನದ ಬಾಗುವಿಕೆಯನ್ನು. ಆ ಸಾಲನ್ನು ತೆಗೆದುಹಾಕಿ.

## ಹಂತ 6: ಮತ್ತೆ ಓಡಿಸಿ ನೋಡಿ

ಎರಡನೇ ಹಂತದ ಓಟಗಳನ್ನು ಅದೇ ಗೆರೆಯ ಮೇಲೆ ಮತ್ತೆ ಮಾಡಿ. ಪ್ರತಿ ಮೋಡ್ ಒಂಟಿಯಾಗಿಯೇ ಮೂರು ವೇಗಗಳಲ್ಲೂ 3 ಮೀಟರಿಗೆ 2 ಸೆಂ.ಮೀ. ಒಳಗೆ ಬರಬೇಕು. ಒಂಟಿಯಾಗಿ ಬರದಿರುವುದನ್ನು ಬೆರೆಸಿ ತರಬೇಡಿ. ಎನ್‌ಕೋಡರ್ ಮೋಡ್ ಇನ್ನೂ ಒಂದೇ ಬದಿಗೆ 3-4 ಸೆಂ.ಮೀ. ಹೋದರೆ ಸೂತ್ರದಿಂದ e ತೆಗೆದು `mmR` ಅನ್ನು ಮಾತ್ರ ಅಷ್ಟು ತಿದ್ದಿ. ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೋದರೆ ತಿದ್ದಲು ಅಂಕಿ ಯಾವುದೂ ಇಲ್ಲ, ಚಕ್ರ ಜಾರುತ್ತಿದೆ ಅಥವಾ ಹಬ್ಬಿನ ಸ್ಕ್ರೂ ಸಡಿಲಾಗಿ ಚಕ್ರ ತೂಗಾಡುತ್ತಿದೆ. ನೇರ ಓಟ ಸರಿಯಾಗಿದ್ದು ತಿರುವು ಮಾತ್ರ 90ರ ಬದಲು 86 ಅಥವಾ 94 ಡಿಗ್ರಿಯಾದರೆ ಎನ್‌ಕೋಡರ್ ಮೋಡ್‌ನಲ್ಲಿ ಚಕ್ರಗಳ ನಡುವಿನ ಅಂತರ, ಗೈರೊ ಮೋಡ್‌ನಲ್ಲಿ 131ರ ಭಾಜಕ ಅಥವಾ ಲೂಪಿನ ಸಮಯ ತಪ್ಪಿದೆ. ಪ್ರತಿ ಲೂಪಿಗೆ 10 ಮಿಲಿಸೆಕೆಂಡ್ ಎಂದು ಬರೆದಿದ್ದು ನಿಜದಲ್ಲಿ 12 ಹಿಡಿಯುತ್ತಿದ್ದರೆ ಪ್ರತಿ ತಿರುವೂ ಅಳತೆ ಮೀರುತ್ತದೆ, `micros()` ಬಳಸಿ ಅಳೆದ ಸಮಯವನ್ನೇ ಗುಣಿಸಿ.

ಇಷ್ಟಾದ ಮೇಲೂ ಬಯಾಸ್ ಅಳತೆಯಲ್ಲಿ ಸೆಕೆಂಡಿಗೆ 0.02 ಡಿಗ್ರಿಯಷ್ಟು ಉಳಿಕೆ ಇದ್ದೇ ಇರುತ್ತದೆ ಎಂದುಕೊಳ್ಳಿ. 10 ಸೆಕೆಂಡಿಗೆ ಅದು ಅರ್ಧ ಸೆಂಟಿಮೀಟರ್. ಕಣದಲ್ಲಿ ಹತ್ತು ನಿಮಿಷ ಸುತ್ತುವ ರೋಬೊಗೆ 12 ಡಿಗ್ರಿ. ಇದಕ್ಕೆ ಎನ್‌ಕೋಡರನ್ನೇ ಸಾಕ್ಷಿಯಾಗಿ ಬಳಸಬಹುದು. ಸಾಲಿನ ಕೊನೆಯಲ್ಲಿ ರೋಬೊ ತಿರುಗುವ ಮುನ್ನ 3 ಸೆಕೆಂಡ್ ನಿಲ್ಲಲಿ. ಮೋಟರಿಗೆ ಪವರ್ ಇಲ್ಲ, ಎರಡು ಎಣಿಕೆಗಳೂ ಬದಲಾಗಿಲ್ಲ ಎಂದಾದರೆ ಆ ಹೊತ್ತಿನಲ್ಲಿ ಗೈರೊ ಹೇಳುವುದೆಲ್ಲ ಬಯಾಸೇ. ಆ ಸರಾಸರಿಯನ್ನು ಹೊಸ ಬಯಾಸ್ ಆಗಿ ಇಟ್ಟುಕೊಳ್ಳಲಿ. ಮೊದಲ ಅರ್ಧ ಸೆಕೆಂಡನ್ನು ಬಿಟ್ಟುಬಿಡಿ, ನಿಂತ ಮೇಲೂ ಚಾಸಿ ಸ್ವಲ್ಪ ಹೊತ್ತು ನಡುಗುತ್ತಿರುತ್ತದೆ.

ಚಕ್ರದ ಅಂಕಿಗಳು ಇಷ್ಟು ಬೇಗ ಹಳಸುವುದಿಲ್ಲ. ಟೈರು ಬದಲಿಸಿದಾಗ, ಬ್ಯಾಟರಿ ಜಾಗ ಬದಲಾದಾಗ, ಅಥವಾ ಕುಂಟೆಯಂತಹ ಭಾರ ಹೊಸದಾಗಿ ಕಟ್ಟಿದಾಗ ನಾಲ್ಕನೇ ಹಂತವನ್ನು ಮತ್ತೆ ಮಾಡಿ. ಅಳೆದ ದಿನ, ಎರಡು ಎಣಿಕೆ ಮತ್ತು ಬಯಾಸನ್ನು ಒಂದು ಚೀಟಿಯಲ್ಲಿ ಬರೆದು ಚಾಸಿಯ ಅಡಿಗೆ ಅಂಟಿಸಿ. ಮುಂದಿನ ಸಲ ರೋಬೊ ವಾಲಿದಾಗ ಯಾವ ಅಂಕಿ ಬದಲಾಗಿದೆ ಎಂದು ಮೊದಲು ನೋಡಬೇಕಾದ್ದು ಅಲ್ಲಿ.